25 ಎಂ.ಎಂ. ಶಾಫ್ಟಿಗೆ ಅರ್ಧಚಂದ್ರ ಕೀ: ಗುಂಡಿಯ ಆಳದಲ್ಲಿ ನಾನು ಎಡವಿದ್ದು

ಅಡಿಕೆ ಕೊಯ್ಲಿನ ಸಮಯದಲ್ಲಿ ನಮ್ಮ ಲೇತ್ ಶೆಡ್ಡಿಗೆ ಬರುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಸುಲಿಯುವ ಮಷಿನ್ನಿನದೇ. ಪುಲ್ಲಿ ಸಡಿಲಾಯಿತು, ಶಾಫ್ಟ್ ಸವೆಯಿತು, ಬೇರಿಂಗ್ ಹೋಯಿತು ಎಂದು ಒಬ್ಬರಾದ ಮೇಲೊಬ್ಬರು ಬರುತ್ತಾರೆ. ನಾನು ಸ್ವಂತ ಶೆಡ್ ಹಾಕಿದ ಮೊದಲ ವರ್ಷ ಒಬ್ಬ ಬೆಳೆಗಾರರು ಸವೆದ 25 ಎಂ.ಎಂ. ಶಾಫ್ಟು ಮತ್ತು ಅದರ ಮೇಲೆ ಪುಲ್ಲಿ ಜಾರದಂತೆ ಹಿಡಿಯುವ ಕೀ ತಂದು ಮೇಜಿನ ಮೇಲಿಟ್ಟರು. "ಇದೇ ಕೀ ಹಾಕಿ, ಶಾಫ್ಟ್ ಮಾತ್ರ ಹೊಸದು ಮಾಡ್ಕೊಡಿ. ನಾಳೆ ಸುಲಿಯೋಕೆ ಜನ ಬರ್ತಾರೆ" ಅಂದರು.

ಕೀ ಅರ್ಧಚಂದ್ರದ್ದು. ಪುಸ್ತಕದಲ್ಲಿ ವುಡ್‌ರಫ್ ಕೀ, ನಮ್ಮ ಬಾಯಲ್ಲಿ ಹಾಫ್ ಮೂನ್. ವರ್ನಿಯರ್ ಇಟ್ಟು ನೋಡಿದೆ: ದಪ್ಪ 6, ಎತ್ತರ 7.2. ಈ ದಪ್ಪದ ಕೀ ಶಾಫ್ಟಿನ ಮೇಲೆ 2.5 ಎಂ.ಎಂ. ಎದ್ದು ನಿಲ್ಲಬೇಕು ಎಂದು ನನಗೆ ಗೊತ್ತಿತ್ತು. 7.2ರಲ್ಲಿ 2.5 ಕಳೆದರೆ 4.7. ಅಷ್ಟೇ ಆಳಕ್ಕೆ ಗುಂಡಿ ಹೊಡೆದೆ. ಕೀ ಕೂರಿಸಿದರೆ 4.3 ಎದ್ದು ನಿಂತಿತು. ಪುಲ್ಲಿ ಹತ್ತಲೇ ಇಲ್ಲ.

ಆಗ ಮಾಡಿದ್ದು ಎರಡನೇ ತಪ್ಪು. ಕೀಯ ತಲೆಯನ್ನು 1.8 ಎಂ.ಎಂ. ಅರದಲ್ಲಿ ಉಜ್ಜಿ ಸಮ ಮಾಡಿ ಪುಲ್ಲಿ ಏರಿಸಿ ಕಳಿಸಿಬಿಟ್ಟೆ. ಮೂರು ವಾರಕ್ಕೆ ಶಾಫ್ಟ್ ವಾಪಸ್ ಬಂತು. ಕೀ ಒಂದು ಪಕ್ಕಕ್ಕೆ ವಾಲಿತ್ತು, ಗುಂಡಿಯ ಬಾಯಿ ಅಗಲಾಗಿ ಅಂಚು ಮೇಲಕ್ಕೆ ಉಬ್ಬಿತ್ತು, ಪುಲ್ಲಿ ಅಲ್ಲೇ ಕಚ್ಚಿಕೊಂಡು ಹೊರಗೆ ಬರುತ್ತಿರಲಿಲ್ಲ.

ತಪ್ಪು ಎಲ್ಲಾಯಿತು ಅಂತ ತಿಳಿದದ್ದು ಹಳೇ ಶಾಫ್ಟಿನ ಗುಂಡಿಯನ್ನು ಅಳೆದಾಗ. ಅದರ ಆಳ ಆರೂವರೆ ಇತ್ತು. ಅವರು ತಂದ ಕೀಯ ತಳ ಚಪ್ಪಟೆಯದ್ದು. ಈ ಕೀಗಳು ಎರಡು ಬಗೆಯಲ್ಲಿ ಸಿಗುತ್ತವೆ. ಒಂದರ ತಳ ಪೂರ್ತಿ ದುಂಡು, ಇನ್ನೊಂದರ ತಳವನ್ನು ಕಡಿದು ಚಪ್ಪಟೆ ಮಾಡಿರುತ್ತಾರೆ. ಚಪ್ಪಟೆಯದರ ಎತ್ತರ ಪೂರ್ತಿ ಎತ್ತರದ 0.8 ಪಾಲು. ಹಾಗಾಗಿ 9 ಎತ್ತರದ ಕೀ ಕೈಯಲ್ಲಿ 7.2 ತೋರಿಸುತ್ತದೆ. ಕಡಿದ ತಳ ಗುಂಡಿಯ ನೆಲಕ್ಕೆ ತಾಗುವುದಿಲ್ಲ. ಕೀ ಕೂರುವುದು ಎರಡು ಬದಿಯ ದುಂಡು ಭಾಗದ ಮೇಲೆ, ದುಂಡು ತಳದ ಕೀ ಎಲ್ಲಿ ಕೂರುತ್ತಿತ್ತೋ ಸರಿಯಾಗಿ ಅಲ್ಲೇ. ಆದ್ದರಿಂದ ತಳ ಯಾವುದಾದರೂ ಗುಂಡಿ ಒಂದೇ, ಲೆಕ್ಕ ಹಿಡಿಯಬೇಕಾದದ್ದು 9ರಿಂದ. ಈಗ ಯಾರು ಕೀ ತಂದರೂ ಎತ್ತರ ಅಳೆಯುವ ಮೊದಲು ತಿರುಗಿಸಿ ತಳ ನೋಡುತ್ತೇನೆ.

ಶಾಫ್ಟಿನ ವ್ಯಾಸದಿಂದ ಕೀ ಆರಿಸುವ ಪಟ್ಟಿ ಭಾರತೀಯ ಮಾನಕ ಐ.ಎಸ್. 2294ರಲ್ಲಿದೆ, ಜರ್ಮನಿಯ ಡಿ.ಐ.ಎನ್. 6888ರಲ್ಲೂ ಇದೆ. ನಾನು ಗೋಡೆಗೆ ಅಂಟಿಸಿಕೊಂಡಿರುವುದು ನನಗೆ ಬೇಕಾದ ನಾಲ್ಕೇ ಸಾಲು. 18 ದಾಟಿ 20ರವರೆಗೆ ದಪ್ಪ 5, ಎತ್ತರ 7.5, ವೃತ್ತದ ವ್ಯಾಸ 19. 20 ದಾಟಿ 22ರವರೆಗೆ ದಪ್ಪ 5, ಎತ್ತರ 9, ವ್ಯಾಸ 22. 22 ದಾಟಿ 25ರವರೆಗೆ ದಪ್ಪ 6, ಎತ್ತರ 9, ವ್ಯಾಸ 22. 25 ದಾಟಿ 28ರವರೆಗೆ ದಪ್ಪ 6, ಎತ್ತರ 10, ವ್ಯಾಸ 25. ಸರಿಯಾಗಿ 25 ಇದ್ದರೆ ಮೂರನೇ ಸಾಲು, ನಾಲ್ಕನೆಯದಲ್ಲ. ಇಡೀ ಪಟ್ಟಿ 38 ಎಂ.ಎಂ.ಗೆ ಮುಗಿಯುತ್ತದೆ. ಅದಕ್ಕಿಂತ ದಪ್ಪದ ಶಾಫ್ಟಿಗೆ ಉದ್ದ ಚೌಕದ ಕೀ ಹಾಕುವುದೇ ವಾಡಿಕೆ.

ಈ ಸಾಲುಗಳು ವಿದ್ಯುತ್ ಮೋಟರಿನ ಎಳೆತ ಕೀಯ ಮೇಲೇ ಬೀಳುವ ಕೆಲಸಕ್ಕೆ. ಕೀ ಬರೀ ಜಾಗ ಹಿಡಿಯಲಿಕ್ಕೆ ಇರುವ ಕಡೆ, ಉದಾಹರಣೆಗೆ ಎಂಜಿನ್ನಿನ ಟೇಪರ್ ಶಾಫ್ಟಿನ ಮೇಲೆ ಫ್ಲೈವೀಲ್ ಕೂರಿಸುವಲ್ಲಿ, ದಪ್ಪ ಶಾಫ್ಟಿಗೂ ಸಣ್ಣ ಕೀ ಇರುತ್ತದೆ. ಅಲ್ಲಿ ಎಳೆತ ಹೊರುವುದು ನಟ್ಟು ಬಿಗಿದಾಗ ಟೇಪರಿನಲ್ಲಿ ಹುಟ್ಟುವ ಹಿಡಿತ. ಅದಕ್ಕೆ ಮಾನಕದಲ್ಲಿ ಬೇರೆಯದೇ ಪಟ್ಟಿಯಿದೆ. ಎರಡನ್ನೂ ಬೆರೆಸಿಕೊಳ್ಳಬಾರದು.

ಪಟ್ಟಿಯನ್ನು ದಿಟ್ಟಿಸಿದಷ್ಟೂ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕೀ ಶಾಫ್ಟಿನ ಮೇಲೆ ಎಷ್ಟು ಎದ್ದು ನಿಲ್ಲಬೇಕೆಂಬುದು ಕೀಯ ದಪ್ಪಕ್ಕೆ ಸೇರಿದ ಮಾತು, ಶಾಫ್ಟಿನ ವ್ಯಾಸಕ್ಕಲ್ಲ. ದಪ್ಪ 3 ಇದ್ದರೆ 1.2, 4ಕ್ಕೆ 1.5, 5ಕ್ಕೆ 2.0, 6ಕ್ಕೆ 2.5, 8ಕ್ಕೆ 3.0. ವ್ಯಾಸ ಹೇಳುವುದು ಕೀಯ ಅಳತೆಯನ್ನು ಮಾತ್ರ. ಆಮೇಲೆ ಗುಂಡಿಯ ಆಳಕ್ಕೆ ಪೂರ್ತಿ ಎತ್ತರದಿಂದ ಈ ಅಂಕಿ ಕಳೆದರೆ ಮುಗಿಯಿತು.

```
ಗುಂಡಿಯ ಆಳ     = 9.0 − 2.5 = 6.5
ಕೀ ಮೇಲಿನ ಅಳತೆ = 25 + 2.5 = 27.5
ಪುಲ್ಲಿ ಒಳಗಿನ ಅಳತೆ = 25 + 2.8 = 27.8
```

ಕೊನೆಯ ಸಾಲಿನ 2.8 ಎಂದರೆ ಪುಲ್ಲಿಯ ಬೋರಿನಲ್ಲಿ ಹೊಡೆಯುವ ಕೀವೇಯ ಆಳ. ಕೀಯ ತಲೆಗೂ ಅದರ ನೆಲಕ್ಕೂ ನಡುವೆ 0.3 ಖಾಲಿ ಉಳಿಯುತ್ತದೆ, ಉಳಿಯಲೇಬೇಕು. ಅರ್ಧಚಂದ್ರ ಕೀ ಎಳೆತ ಹೊರುವುದು ಎರಡು ಪಕ್ಕಗಳಿಂದ. ತಲೆ ತಾಗಿದರೆ ಪುಲ್ಲಿಯನ್ನು ಒಂದು ಕಡೆಗೆ ಎತ್ತುತ್ತದೆ, ಬೆಲ್ಟು ಕುಣಿಯುತ್ತದೆ.

6.5 ಅಳೆಯುವುದು ಎಲ್ಲಿಂದ ಎಂಬುದು ಇನ್ನೊಂದು ತಂಟೆ. ಶಾಫ್ಟಿನ ನೆತ್ತಿಯಿಂದ ಅಳೆಯಬೇಕು. ಗುಂಡಿ ಹೊಡೆದ ಮೇಲೆ ನೆತ್ತಿ ಇರುವುದಿಲ್ಲ, ಎರಡು ಅಂಚು ಮಾತ್ರ ಕಾಣುತ್ತವೆ. 25ರ ಶಾಫ್ಟಿನಲ್ಲಿ 6 ಅಗಲದ ಗುಂಡಿಯ ಅಂಚು ನೆತ್ತಿಗಿಂತ 0.37 ಕೆಳಗಿದೆ. ಡೆಪ್ತ್ ಗೇಜನ್ನು ಅಂಚಿನ ಮೇಲಿಟ್ಟು 6.5 ಬರುವವರೆಗೆ ಇಳಿಸಿದರೆ ನಿಜವಾದ ಆಳ 6.87 ಆಗಿರುತ್ತದೆ. ತಳವೂ ಬಾಗಿರುವುದರಿಂದ ಗೇಜಿನ ಕಡ್ಡಿ ನಡುವೆ ನಿಲ್ಲದೆ ಜಾರಿದರೆ ಅಳತೆ ಇನ್ನಷ್ಟು ಕೆಡುತ್ತದೆ. ಅದಕ್ಕೇ ನಾನು ಗುಂಡಿಯನ್ನು ಅಳೆಯುವುದನ್ನೇ ಬಿಟ್ಟೆ. ಕೀ ಕೂರಿಸಿ, ಅದರ ತಲೆಯಿಂದ ಶಾಫ್ಟಿನ ಎದುರು ಬದಿಗೆ ಮೈಕ್ರೋಮೀಟರ್ ಹಿಡಿಯುತ್ತೇನೆ. 27.5 ಸಿಕ್ಕರೆ ಸರಿ, 27.3ರವರೆಗೆ ಇಳಿದರೂ ಒಪ್ಪುತ್ತೇನೆ. 27.5 ದಾಟಿದರೆ ಮತ್ತೆ ಮಿಲ್ಲಿಂಗಿಗೆ. ಮಾನಕವೂ ಗುಂಡಿಯ ಆಳಕ್ಕೆ ಹೆಚ್ಚುವರಿ ಕಡೆಗೆ ಮಾತ್ರ ಸಡಿಲು ಕೊಡುತ್ತದೆ.

ಹೊಸ ಶಾಫ್ಟನ್ನು ನನ್ನ ಖರ್ಚಿನಲ್ಲೇ ಮಾಡಿಕೊಟ್ಟೆ. ಅದನ್ನು ಮಿಲ್ಲಿಂಗ್ ವೈಸಿನಲ್ಲಿ ಮಲಗಿಸಿ, 22 ವ್ಯಾಸ 6 ಅಗಲದ ಕಟರನ್ನು ನೆಟ್ಟಗೆ ಹಿಡಿಸಿದೆ. ಮೊದಲು ಎತ್ತರ ಹೊಂದಿಸುವುದು. ಕಟರಿನ ಅಡಿ ಮುಖ ಶಾಫ್ಟಿನ ಮೇಲ್ಭಾಗಕ್ಕೆ ತೆಳು ಕಾಗದ ಹಿಡಿಯುವಷ್ಟು ತಾಗಿದಾಗ ಸೊನ್ನೆ ಹಿಡಿದು, ಕಟರನ್ನು ಪಕ್ಕಕ್ಕೆ ಸರಿಸಿ 15.5 ಇಳಿಸಬೇಕು. ಶಾಫ್ಟಿನ ಅರ್ಧ 12.5, ಕಟರಿನ ಅರ್ಧ 3. ಕಾಗದದ ದಪ್ಪವನ್ನೂ ಸೇರಿಸಿಕೊಳ್ಳಿ. ಈಗ ಕಟರಿನ ನಡು ಶಾಫ್ಟಿನ ನಡುವಿಗೆ ಸಮ. ತಿರುಗುವ ಕಟರನ್ನು ಪಕ್ಕದಿಂದ ಮೆಲ್ಲಗೆ ತಂದು, ಮೊದಲ ಗೀರು ಬಿದ್ದಲ್ಲಿ ಆಳದ ಸೊನ್ನೆ. ಆ ಗೀರು ಬೀಳುವುದೇ ನೆತ್ತಿಯ ಮೇಲೆ, ಆದ್ದರಿಂದ ಅಂಚಿನ 0.37ರ ಜಗಳ ಇಲ್ಲಿ ಹುಟ್ಟುವುದೇ ಇಲ್ಲ. ಅಲ್ಲಿಂದ 6.5 ನೇರ ಒಳಕ್ಕೆ. ಮೇಜಿನ ಉದ್ದದ ಚಲನೆಯನ್ನು ಲಾಕ್ ಮಾಡಿರಬೇಕು. ಒಂದಿಷ್ಟು ಸರಿದರೂ ಗುಂಡಿ ಉದ್ದವಾಗಿ, ಕೀ ತೊಟ್ಟಿಲಿನಂತೆ ಆಡುತ್ತದೆ.

ಕಟರ್ ಹೊಸದಾಗಿರಲಿ ಎಂದು ನಾನು ಹಟ ಹಿಡಿಯಲು ಒಂದು ಕಾರಣವಿದೆ. ಸಾಣೆ ಹಿಡಿದ ಕಟರ್ ವ್ಯಾಸದಲ್ಲಿ ಕರಗಿರುತ್ತದೆ. ಒಮ್ಮೆ 21.6ಕ್ಕೆ ಇಳಿದಿದ್ದ ಕಟರಿನಲ್ಲಿ ಸರಿಯಾಗಿ 6.5 ಆಳ ಹೊಡೆದೆ, ಆದರೂ ಮೈಕ್ರೋಮೀಟರ್ 27.78 ತೋರಿಸಿತು. ಡಯಲನ್ನೇ ಸಂಶಯಪಟ್ಟೆ. ಆಮೇಲೆ ಕಾಗದದ ಮೇಲೆ ಬರೆದು ನೋಡಿದರೆ ವಿಷಯ ಸ್ಪಷ್ಟ. 22ರ ಕೀಗೆ 21.6ರ ಗುಂಡಿಯ ಬಾಯಿ ಚಿಕ್ಕದಾಗಿ, ಕೀ ಎರಡು ತುದಿಗಳಲ್ಲೇ ಸಿಕ್ಕಿಕೊಂಡು 0.28 ಮೇಲೆ ನಿಲ್ಲುತ್ತದೆ. ತಲೆಯ ಮೇಲಿನ 0.3 ಖಾಲಿ ಅಲ್ಲಿಗೇ ಖರ್ಚಾಯಿತು. ಕೀಯ ತಳಕ್ಕೆ ಮಾರ್ಕಿಂಗ್ ನೀಲಿ ಬಳಿದು ಒತ್ತಿದರೆ ಇದು ತಿಳಿಯುತ್ತದೆ. ಗುಂಡಿಯ ಎರಡು ತುದಿಗಳಲ್ಲಿ ಮಾತ್ರ ನೀಲಿ ಹತ್ತಿದ್ದರೆ ಕಟರ್ ಸಣ್ಣದಾಗಿದೆ ಎಂದರ್ಥ.

ಅಗಲದ ಹಿಡಿತಕ್ಕೆ ನಾನು ಶಾಫ್ಟಿನ ಗುಂಡಿಯನ್ನು 5.97ರಿಂದ 6.00ರ ಒಳಗೆ ಇಡುತ್ತೇನೆ. ಕೀಯೂ ಅದೇ ಮಿತಿಯಲ್ಲಿ ಬರುತ್ತದೆ. ಹಿತ್ತಾಳೆ ತುಂಡಿನಿಂದ ಹಗುರಾಗಿ ತಟ್ಟಿದರೆ ಕೂರಬೇಕು. ಬೆರಳಿನಿಂದಲೇ ಒಳಗೆ ಬಿದ್ದರೆ ಕಟರ್ ಓಲಾಡಿ ಅಗಲ ಕಡಿದಿದೆ.

ಈ ಕೀ ಎಳೆತ ತಾಳುತ್ತದೋ ಎಂದು ಒಮ್ಮೆ ಲೆಕ್ಕ ಹಾಕಿದ್ದೆ. ಎರಡು ಎಚ್.ಪಿ., ಅಂದರೆ ಸುಮಾರು 1.5 ಕಿಲೋವ್ಯಾಟ್ ಮೋಟರ್. ಆ ಶಾಫ್ಟ್ ನಿಮಿಷಕ್ಕೆ 500 ಸುತ್ತು ತಿರುಗುತ್ತಿತ್ತು. ಹಾಗಾದರೆ ತಿರುಚುಬಲ ಸುಮಾರು 28.7 ನ್ಯೂಟನ್ ಮೀಟರ್, ಶಾಫ್ಟಿನ ಮೇಲ್ಮೈಯಲ್ಲಿ 2,300 ನ್ಯೂಟನ್. ಮೇಲ್ಮೈ ಮಟ್ಟದಲ್ಲಿ ಕೀ ಉದ್ದ 20 ಎಂ.ಎಂ., ದಪ್ಪ 6. ಕತ್ತರಿಸುವ ಒತ್ತಡ 19 ಮೆಗಾಪ್ಯಾಸ್ಕಲ್ ಆಸುಪಾಸು. ಉಕ್ಕಿನ ಕೀಗೆ ಇದು ಏನೇನೂ ಅಲ್ಲ. ಅಡಿಕೆ ಸಿಕ್ಕಿಕೊಂಡು ಮಷಿನ್ ಗಕ್ಕನೆ ನಿಂತಾಗ ಇದರ ಎಷ್ಟೋ ಪಟ್ಟು ಬೀಳುತ್ತದೆ, ಆದರೂ ನನ್ನ ಮೊದಲ ಕೀ ತುಂಡಾಗಿ ಸೋತದ್ದಲ್ಲ, ವಾಲಿ ಸೋತದ್ದು. ವಾಲದಂತೆ ಹಿಡಿಯುವುದು ಹೂತಿರುವ ಆಳ. ಅದಕ್ಕೇ ಈ ಕೀ ಅಷ್ಟು ಆಳ ಕೇಳುವುದು. ಅದೇ 25ರ ಶಾಫ್ಟಿಗೆ ಉದ್ದ ಕೀ ಹಾಕಿದರೆ 4 ಎಂ.ಎಂ. ಗುಂಡಿ ಸಾಕು, ಇದಕ್ಕೆ ಆರೂವರೆ, ಅಂದರೆ ವ್ಯಾಸದ ಕಾಲು ಭಾಗಕ್ಕಿಂತ ಹೆಚ್ಚು. ಶಾಫ್ಟಿನ ಬಲ ಆ ಜಾಗದಲ್ಲಿ ಕಡಿಮೆಯಾಗುತ್ತದೆ. ಬೇರಿಂಗಿನಿಂದ ದೂರ, ಬೆಲ್ಟು ಜೋರಾಗಿ ಬಗ್ಗಿಸುವ ಜಾಗದಲ್ಲಿ ಇದನ್ನು ಕೂರಿಸಲು ನನಗೆ ಮನಸ್ಸು ಬರುವುದಿಲ್ಲ.

ಹಳೆಯ ಇಂಚಿನ ಮಷಿನ್ನುಗಳ ಕೀ ಬಂದರೆ ಅಂಕಿ ಬೇರೆ. ಅಮೆರಿಕದ ಪದ್ಧತಿಯಲ್ಲಿ 608 ಎಂದು ನಂಬರಿದ್ದರೆ ಕೊನೆಯ ಎರಡಂಕಿ ಇಂಚಿನ ಎಂಟನೇ ಭಾಗದಲ್ಲಿ ವ್ಯಾಸ, ಅಂದರೆ ಒಂದಿಂಚು. ಮುಂದಿನ 6 ಮೂವತ್ತೆರಡನೇ ಭಾಗದಲ್ಲಿ ದಪ್ಪ, 4.76 ಎಂ.ಎಂ. ಅಲ್ಲಿ ಎದ್ದು ನಿಲ್ಲುವುದು ದಪ್ಪದ ಅರ್ಧ. ಆ ಗುಂಡಿಗೆ 5 ಎಂ.ಎಂ. ಕೀ ಹೋಗುವುದಿಲ್ಲ.

ಎರಡನೇ ಸಲ ಪುಲ್ಲಿ ಏರಿಸುವಾಗ ಆ ಬೆಳೆಗಾರರು ಪಕ್ಕದಲ್ಲೇ ನಿಂತಿದ್ದರು. ಪುಲ್ಲಿ ತಳ್ಳಿದಾಗ ಕೀಯ ಮುಂದಿನ ತುದಿ ಎದ್ದು ಬೋರಿನ ಅಂಚಿಗೆ ತಡೆಯಿತು. ಅವರ ಮುಖ ನೋಡಿದೆ. ಕೀ ತನ್ನ ದುಂಡು ಭಾಗದ ಮೇಲೆ ಉರುಳಿತ್ತು, ಅಷ್ಟೇ. ಎದ್ದ ತುದಿಯನ್ನು ಹಿತ್ತಾಳೆಯಿಂದ ತಟ್ಟಿ, ತಲೆ ಶಾಫ್ಟಿಗೆ ಸಮಾನಾಂತರವಾಗಿದೆಯೆಂದು ಸ್ಕೇಲ್ ಇಟ್ಟು ನೋಡಿ ಮತ್ತೆ ತಳ್ಳಿದೆ. "ಈ ಸಲ ಉಜ್ಜಲಿಲ್ವಲ್ಲ?" ಅಂದರು. ಇಲ್ಲ ಅಂದೆ. ಪುಲ್ಲಿ ಕೊನೆಯವರೆಗೂ ಹೋಗಿ ಕೂತಿತು.