ಸ್ಮಿಯರ್‌ನಲ್ಲಿ ಬ್ಲಾಸ್ಟ್ ಕಂಡ ದಿನದಿಂದ ಕೊನೆಯ ಮಾತ್ರೆಯವರೆಗೆ

ನಾಲ್ಕು ವರ್ಷದ ಹುಡುಗಿ ಅಂದುಕೊಳ್ಳಿ. ಹತ್ತು ದಿನದಿಂದ ಜ್ವರ ಬಂದು ಹೋಗುತ್ತಿದೆ. ರಾತ್ರಿ ಎದ್ದು ಕಾಲು ನೋವು ಅಂತ ಅಳುತ್ತಾಳೆ, ಬೆಳಿಗ್ಗೆ ಕುಂಟುತ್ತಾಳೆ. ಮುಖ ಬಿಳಿಚಿಕೊಂಡಿದೆ. ಮೊಣಕಾಲಿನ ಕೆಳಗೆ ನೀಲಿ ಕಲೆಗಳು, ಎಲ್ಲೂ ಬಿದ್ದ ನೆನಪಿಲ್ಲ. ಮಳೆಗಾಲ, ಊರಲ್ಲಿ ಡೆಂಗ್ಯೂ. ಪ್ಲೇಟ್‌ಲೆಟ್ 22,000 ಅಂತ ರಿಪೋರ್ಟ್ ಬಂದ ಕೂಡಲೇ ಮನೆಯವರೆಲ್ಲ 'ಡೆಂಗ್ಯೂನೇ ಇರಬೇಕು' ಅಂತಾರೆ.

ಆದರೆ ಇದು ರಕ್ತದ ಕ್ಯಾನ್ಸರ್ ಇರಲೂಬಹುದು, ಇಲ್ಲಿ ಒಂದು ಸಾಲು ಮುಂದೆ ಓದಬೇಕು. ಹಿಮೋಗ್ಲೋಬಿನ್ 6.2. ಡೆಂಗ್ಯೂನಲ್ಲಿ ನೀರಿನ ಅಂಶ ರಕ್ತನಾಳದಿಂದ ಸೋರಿ ರಕ್ತ ಗಟ್ಟಿಯಾಗುತ್ತದೆ, ಹಾಗಾಗಿ ಹಿಮೋಗ್ಲೋಬಿನ್ ಸಾಮಾನ್ಯವಾಗಿ ಏರುತ್ತದೆಯೇ ಹೊರತು ಹೀಗೆ ಕುಸಿಯುವುದಿಲ್ಲ. ಬಿಳಿ ರಕ್ತಕಣ 14,600, ಅದರಲ್ಲಿ ಲಿಂಫೋಸೈಟ್ 88%, ನ್ಯೂಟ್ರೋಫಿಲ್ ಬರೀ 6%. ಈ ಲಿಂಫೋಸೈಟ್ ಲೆಕ್ಕ ಮೆಷಿನ್ ಕೊಟ್ಟದ್ದು. ಮೆಷಿನ್ ಕಣದ ಗಾತ್ರ, ಒಳರಚನೆ ನೋಡಿ ಬುಟ್ಟಿಗೆ ಹಾಕುತ್ತದೆ. ಬ್ಲಾಸ್ಟ್ ಅನ್ನೋ ಬಲಿಯದ ಕ್ಯಾನ್ಸರ್ ಕೋಶಗಳನ್ನೂ ಲಿಂಫೋಸೈಟ್ ಬುಟ್ಟಿಗೇ ಹಾಕಿಬಿಡಬಹುದು. ಕೆಂಪು ಕಣ, ಪ್ಲೇಟ್‌ಲೆಟ್, ನ್ಯೂಟ್ರೋಫಿಲ್ ಮೂರೂ ಒಟ್ಟಿಗೆ ಕಡಿಮೆಯಾಗಿದ್ದರೆ ಮೆಷಿನ್ ಮಾತು ಸಾಲದು. ರಕ್ತವನ್ನು ಗಾಜಿನ ಮೇಲೆ ತೆಳುವಾಗಿ ಹರಡಿ, ಅಂದರೆ ಸ್ಮಿಯರ್ ಮಾಡಿ, ಮೈಕ್ರೋಸ್ಕೋಪಿನಲ್ಲಿ ಕಣ್ಣಲ್ಲೇ ನೋಡಬೇಕು.

ಸ್ಲೈಡಿನಲ್ಲಿ ಎಲ್ಲಿ ನೋಡಬೇಕು

ನಾನು ಲ್ಯಾಬಿನಲ್ಲಿ ಕೂತು ಸ್ಲೈಡ್ ನೋಡುವವಳು, ಅದಕ್ಕೇ ಈ ಭಾಗ ಸ್ವಲ್ಪ ಜಾಸ್ತಿ ಹೇಳ್ತೀನಿ. ನೇರಳೆ ಮುಚ್ಚಳದ ಟ್ಯೂಬಿನಿಂದ ಒಂದು ಸಣ್ಣ ಹನಿ ರಕ್ತ ಗಾಜಿನ ಮೇಲೆ ಇಟ್ಟು, ಇನ್ನೊಂದು ಗಾಜನ್ನು ಓರೆಯಾಗಿ ಹಿಡಿದು ಒಂದೇ ಎಳೆತಕ್ಕೆ ಎಳೆಯಬೇಕು. ಹೆಬ್ಬೆರಳಿನ ಆಕಾರ ಬರುತ್ತದೆ, ಬುಡ ದಪ್ಪ, ತುದಿ ತೆಳು. ಗಾಳಿಯಲ್ಲಿ ಒಣಗಿಸಿ ಲೀಶ್ಮನ್ ಬಣ್ಣ ಹಾಕುತ್ತೇವೆ. ಎರಡು ನಿಮಿಷ ಹಾಗೇ ಬಿಟ್ಟು, ಮೇಲೆ ಎರಡರಷ್ಟು ಬಫರ್ ನೀರು ಸೇರಿಸಿ, ಏಳೆಂಟು ನಿಮಿಷ ಆದಮೇಲೆ ತೊಳೆಯುತ್ತೇವೆ.

ಎಡವಟ್ಟಾಗುವುದು ನೋಡುವ ಜಾಗದಲ್ಲಿ. ಬುಡದ ದಪ್ಪ ಭಾಗದಲ್ಲಿ ಕೋಶಗಳು ಮುದುಡಿಕೊಂಡಿರುತ್ತವೆ, ಅಲ್ಲಿ ಬ್ಲಾಸ್ಟ್ ಕೂಡ ಸಾದಾ ಲಿಂಫೋಸೈಟ್ ಥರ ಕಾಣುತ್ತದೆ. ತೀರಾ ತುದಿಯಲ್ಲಿ ಕೋಶಗಳು ಚಪ್ಪಟೆಯಾಗಿ ಹರಡಿ, ಪಾಪದ ಲಿಂಫೋಸೈಟೂ ಬ್ಲಾಸ್ಟ್ ಥರ ಕಾಣುತ್ತದೆ. ತುದಿಗಿಂತ ಸ್ವಲ್ಪ ಹಿಂದೆ, ಕೆಂಪು ಕಣಗಳು ಒಂದಕ್ಕೊಂದು ತಾಗಿಯೂ ತಾಗದ ಹಾಗೆ ಇರುವಲ್ಲಿ ನೋಡಬೇಕು. ಎಣ್ಣೆ ಹಾಕಿ ನೋಡುವ 100 ಲೆನ್ಸ್‌ನಲ್ಲಿ ಸುಮಾರು 200 ಬಿಳಿ ಕಣ ಎಣಿಸುತ್ತೇವೆ.

ಬ್ಲಾಸ್ಟ್ ಅಂದರೆ ಬಲಿಯದ ಕೋಶ. ಮರದ ತುಂಬಾ ಮಿಡಿ, ಒಂದೂ ಕಾಯಿಯಾಗುತ್ತಿಲ್ಲ ಅನ್ನೋ ಹಾಗೆ. ಆರೋಗ್ಯವಾಗಿರುವ ಮಗುವಿನಲ್ಲಿ ಇವು ಮೂಳೆ ಮಜ್ಜೆ ಬಿಟ್ಟು ಹೊರಗೆ ಬರುವುದಿಲ್ಲ. ಸ್ಲೈಡಿನಲ್ಲಿ ನೋಡಿದರೆ ಕೋಶದ ತುಂಬಾ ನ್ಯೂಕ್ಲಿಯಸ್ಸೇ, ಸುತ್ತ ನೀಲಿ ಸೈಟೋಪ್ಲಾಸಂ ಒಂದು ಗೀಟಿನಷ್ಟು. ನ್ಯೂಕ್ಲಿಯಸ್ಸಿನ ಒಳಗೆ ಗಂಟುಗಂಟಾಗಿರದೆ ನಯವಾಗಿ, ಹಿಟ್ಟು ಜರಡಿ ಹಿಡಿದ ಹಾಗೆ ಇರುತ್ತದೆ. ಕೆಲವದರಲ್ಲಿ ತಿಳಿಯಾದ ಚುಕ್ಕೆಯಂತೆ ನ್ಯೂಕ್ಲಿಯೋಲಸ್ ಕಾಣುತ್ತದೆ. ಡೆಂಗ್ಯೂನಂಥ ವೈರಲ್ ಜ್ವರದಲ್ಲೂ ದೊಡ್ಡ ದೊಡ್ಡ ಲಿಂಫೋಸೈಟ್ ಬರುತ್ತವೆ, ಹೊಸಬರು ಮೋಸಹೋಗುವುದು ಅಲ್ಲೇ. ಆದರೆ ಅವುಗಳ ಸೈಟೋಪ್ಲಾಸಂ ಧಾರಾಳವಾಗಿರುತ್ತದೆ, ಪಕ್ಕದ ಕೆಂಪು ಕಣಗಳನ್ನು ಅಪ್ಪಿಕೊಂಡ ಹಾಗೆ ಅಂಚು ಬಾಗಿರುತ್ತದೆ. ಒಂದೊಂದೂ ಒಂದೊಂದು ಥರ ಇರುತ್ತದೆ. ಬ್ಲಾಸ್ಟ್‌ಗಳು ಮಾತ್ರ ಹೆಚ್ಚಾಗಿ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಇರುತ್ತವೆ.

ನಮ್ಮ ಹುಡುಗಿಯ ಸ್ಲೈಡಿನಲ್ಲಿ ಎಣಿಸಿದರೆ ಬ್ಲಾಸ್ಟ್ 62%, ನಿಜವಾದ ಲಿಂಫೋಸೈಟ್ 26%. ಮೆಷಿನ್ ಹೇಳಿದ 88 ಇದೇ ನೋಡಿ. ಬ್ಲಾಸ್ಟ್ ಒಂದೂ ಕಾಣದಿದ್ದರೂ ಕಾಯಿಲೆ ಇಲ್ಲ ಅನ್ನೋ ಹಾಗಿಲ್ಲ. ಬಿಳಿ ಕಣ ಎರಡು ಮೂರು ಸಾವಿರ ಮಾತ್ರ ಇರುವ ಮಕ್ಕಳಲ್ಲಿ ಮಜ್ಜೆ ತುಂಬಿಹೋಗಿದ್ದರೂ ರಕ್ತದಲ್ಲಿ ಬ್ಲಾಸ್ಟ್ ಹುಡುಕುವುದೇ ಕಷ್ಟವಾಗಬಹುದು.

ಈ ಹಂತದಲ್ಲಿ ಆಗುವ ದೊಡ್ಡ ತಪ್ಪು ಸ್ಟೀರಾಯ್ಡ್. ಕಾಲು ನೋವನ್ನು ಕೀಲುವಾತ ಅಂದುಕೊಂಡೋ, ಪ್ಲೇಟ್‌ಲೆಟ್ ಏರಲಿ ಅಂತಲೋ ಕೆಲವು ದಿನ ಪ್ರೆಡ್ನಿಸೊಲೋನ್ ಕೊಟ್ಟುಬಿಡುತ್ತಾರೆ. ಮಗು ಲವಲವಿಕೆಯಿಂದ ಓಡಾಡುತ್ತದೆ, ಮನೆಯವರಿಗೆ ಖುಷಿ. ಯಾಕೆಂದರೆ ಪ್ರೆಡ್ನಿಸೊಲೋನ್ ಈ ಕಾಯಿಲೆಯ ಔಷಧಿಯೂ ಹೌದು. ಬ್ಲಾಸ್ಟ್‌ಗಳು ಕರಗುತ್ತವೆ, ಸ್ಲೈಡು ಸ್ವಚ್ಛವಾಗಿ ಕಾಣುತ್ತದೆ, ರೋಗ ಹೆಸರಿಲ್ಲದೆ ಬಚ್ಚಿಟ್ಟುಕೊಳ್ಳುತ್ತದೆ. ಕೆಲವು ವಾರ ಬಿಟ್ಟು ತಿರುಗಿ ಬರುತ್ತದೆ. ಹಾಗಾಗಿ ಇಂಥ ರಿಪೋರ್ಟ್ ಇದ್ದರೆ, ಸ್ಮಿಯರ್, ಬೇಕಿದ್ದರೆ ಮಜ್ಜೆ ನೋಡುವ ತನಕ ಸ್ಟೀರಾಯ್ಡ್ ಬೇಡ. ಮೊದಲೇ ಕೊಟ್ಟಿದ್ದರೆ ಮುಚ್ಚಿಡಬೇಡಿ, ಚೀಟಿ ಸಮೇತ ಡಾಕ್ಟರಿಗೆ ತೋರಿಸಿ.

ಹೆಸರು ಪಕ್ಕಾ ಮಾಡುವುದು

ಬರೀ ನೋಟದಿಂದ ಇದು ಲಿಂಫೋಬ್ಲಾಸ್ಟೋ ಮೈಲೋಬ್ಲಾಸ್ಟೋ ಅಂತ ಖಚಿತವಾಗಿ ಹೇಳಲು ಬಹಳ ಸಲ ಆಗುವುದಿಲ್ಲ. ಎರಡಕ್ಕೂ ಚಿಕಿತ್ಸೆ ಪೂರ್ತಿ ಬೇರೆ. ಸೊಂಟದ ಹಿಂಬದಿಯ ಮೂಳೆಯಿಂದ ಮಜ್ಜೆ ತೆಗೆದು ಫ್ಲೋ ಸೈಟೋಮೆಟ್ರಿ ಮಾಡುತ್ತಾರೆ. ಕೋಶದ ಮೈಮೇಲಿನ ಗುರುತುಚೀಟಿ ಓದುವ ಪರೀಕ್ಷೆ ಅದು. ನಮ್ಮ ಹುಡುಗಿಯ ಕೋಶಗಳಲ್ಲಿ ಸಿಡಿ19, ಸಿಡಿ10 ಸಿಕ್ಕಿತು ಅಂದುಕೊಳ್ಳಿ. ಅಂದರೆ ಬಿ ಕೋಶದ ಎಎಲ್‌ಎಲ್, ಲಿಂಫೋಬ್ಲಾಸ್ಟ್‌ಗಳ ರಕ್ತದ ಕ್ಯಾನ್ಸರ್, ಮಕ್ಕಳಲ್ಲಿ ಹೆಚ್ಚಾಗಿ ಬರುವುದು ಇದೇ. ವಯಸ್ಸು 1ರಿಂದ 10ರ ಒಳಗೆ, ಬಿಳಿ ಕಣ 50,000ಕ್ಕಿಂತ ಕಡಿಮೆ ಇರುವುದರಿಂದ ಆರಂಭದ ಲೆಕ್ಕದಲ್ಲಿ ಅಪಾಯ ಕಡಿಮೆ ಗುಂಪು. ಜೀನ್ ಪರೀಕ್ಷೆ ಬಂದಮೇಲೆ ಈ ಗುಂಪು ಬದಲಾಗಬಹುದು.

ಮೊದಲ ತಿಂಗಳು: ಇಂಡಕ್ಷನ್

ರೋಗ ಗೊತ್ತಾಗುವ ದಿನ ಮಗುವಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಬ್ಲಾಸ್ಟ್ ಇರುತ್ತವೆ. ದಿನವೂ ಸ್ಟೀರಾಯ್ಡ್, ವಾರಕ್ಕೊಂದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್, ಜೊತೆಗೆ ಅಸ್ಪಾರಾಜಿನೇಸ್. ಅಪಾಯ ಜಾಸ್ತಿ ಇರುವ ಮಕ್ಕಳಿಗೆ ಡೌನೋರುಬಿಸಿನ್ ಕೂಡ. ಇದು ನಾಲ್ಕೈದು ವಾರ. ಮೊದಲ ದಿನಗಳಲ್ಲಿ ಬ್ಲಾಸ್ಟ್‌ಗಳು ಒಟ್ಟಿಗೆ ಒಡೆದು ಯೂರಿಕ್ ಆಸಿಡ್, ಪೊಟ್ಯಾಸಿಯಂ ರಕ್ತಕ್ಕೆ ಸುರಿಯುತ್ತವೆ, ಕಿಡ್ನಿ ಕಟ್ಟಿಕೊಳ್ಳಬಹುದು. ಅದಕ್ಕೇ ಡ್ರಿಪ್ ಜೋರಾಗಿ ಓಡಿಸುತ್ತಾರೆ, ಮೂತ್ರ ಅಳೆಯುತ್ತಾರೆ. 'ಎಷ್ಟು ಸಲ ರಕ್ತ ತೆಗೀತಾರಪ್ಪ' ಅನ್ನಿಸುವುದೂ ಇದೇ ವಾರದಲ್ಲಿ.

ಎಂಟನೇ ದಿನ ಸ್ಮಿಯರ್ ಮತ್ತೆ ನಮ್ಮ ಟೇಬಲ್ಲಿಗೆ ಬರುತ್ತದೆ. ಹಲವು ಪ್ರೋಟೋಕಾಲ್‌ಗಳಲ್ಲಿ ಮೊದಲ ವಾರ ಮುಖ್ಯವಾಗಿ ಸ್ಟೀರಾಯ್ಡ್ ಕೊಟ್ಟು ಬ್ಲಾಸ್ಟ್ ಎಷ್ಟು ಬಗ್ಗಿದವು ಅಂತ ನೋಡುತ್ತಾರೆ. ಹುಡುಗಿಯ ಬಿಳಿ ಕಣ ಈಗ 1,400, ಬ್ಲಾಸ್ಟ್ 12%. ಗುಣಿಸಿದರೆ 168. ಮೊದಲ ದಿನ ಇದೇ ಲೆಕ್ಕ 9,052 ಇತ್ತು. ಗೆರೆ ಇರುವುದು 1,000ಕ್ಕೆ. ಅದಕ್ಕಿಂತ ಕಡಿಮೆ ಬಂದಿದೆ, ಔಷಧಿಗೆ ಕೋಶಗಳು ಸ್ಪಂದಿಸುತ್ತಿವೆ.

ತಿಂಗಳ ಕೊನೆಗೆ ಮಜ್ಜೆ ನೋಡಿದರೆ ಬ್ಲಾಸ್ಟ್ 5%ಗಿಂತ ಕಡಿಮೆ. ರೆಮಿಷನ್ ಅಂತ ಬರೆಯುತ್ತಾರೆ. ಮಗು ಚೆನ್ನಾಗಿ ಊಟ ಮಾಡುತ್ತಿದೆ, ಸ್ಟೀರಾಯ್ಡ್‌ನಿಂದ ಕೆನ್ನೆ ಊದಿಕೊಂಡಿದೆ. ಚಿಕಿತ್ಸೆ ಅರ್ಧಕ್ಕೆ ಬಿಡುವ ಆಸೆ ಹುಟ್ಟುವುದು ಆಗಲೇ. ಆದರೆ ಮೈಕ್ರೋಸ್ಕೋಪಿಗೆ ಒಂದು ಮಿತಿ ಇದೆ. ಒಂದು ಲಕ್ಷ ಕೋಟಿಯಲ್ಲಿ 99% ಸತ್ತರೂ ಉಳಿಯುವುದು ಸಾವಿರ ಕೋಟಿ! ಅವು ಸಾದಾ ಕೋಶಗಳ ನಡುವೆ ಚದುರಿಹೋದರೆ ನನ್ನ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹುಡುಕಲು ಎಂಆರ್‌ಡಿ ಪರೀಕ್ಷೆ, ಹತ್ತು ಸಾವಿರ ಕೋಶದಲ್ಲಿ ಒಂದಿದ್ದರೂ ಹಿಡಿಯುತ್ತದೆ. 0.01%ಗಿಂತ ಕಡಿಮೆ ಬಂದರೆ ಅದೇ ದಾರಿಯಲ್ಲಿ ಮುಂದೆ, ಜಾಸ್ತಿ ಬಂದರೆ ಚಿಕಿತ್ಸೆ ಬಿಗಿಯಾಗುತ್ತದೆ. ಬರೀ 'ರೆಮಿಷನ್' ಅಂತ ಬರೆದಿದ್ದರೆ, ಎಂಆರ್‌ಡಿ ಎಷ್ಟು ಬಂತು ಅಂತ ಕೇಳಿ.

ನಡುವಿನ ಆರೇಳು ತಿಂಗಳು

ಕಾಣದೆ ಉಳಿದವಕ್ಕೆ ಬೇರೆ ಬೇರೆ ಆಯುಧ ಬೇಕು. ಕನ್ಸಾಲಿಡೇಷನ್‌ನಲ್ಲಿ ಸೈಕ್ಲೋಫಾಸ್ಫಮೈಡ್, ಸೈಟರಾಬಿನ್, ಮರ್ಕ್ಯಾಪ್ಟೊಪ್ಯೂರಿನ್. ಆಮೇಲೆ ಮೆಥೋಟ್ರೆಕ್ಸೇಟ್ ಮುಖ್ಯವಾಗಿರುವ ಒಂದು ಹಂತ. ಅದಾದಮೇಲೆ ಮೊದಲ ತಿಂಗಳಿನ ಥರದ್ದೇ ಇನ್ನೊಂದು ಹೊಡೆತ, ಡಿಲೇಡ್ ಇಂಟೆನ್ಸಿಫಿಕೇಷನ್. ಕೂದಲು ಮತ್ತೆ ಹೋಗುವುದು, ರಕ್ತ ಹಾಕಿಸುವುದು ಇಲ್ಲಿ ಜಾಸ್ತಿ.

ಇಷ್ಟೂ ಕಾಲ ಮಧ್ಯೆ ಮಧ್ಯೆ ಬೆನ್ನಿನಲ್ಲಿ ಸೂಜಿ ಹಾಕಿ ಮೆಥೋಟ್ರೆಕ್ಸೇಟ್ ಕೊಡುತ್ತಾರೆ. ಪೋಷಕರು ಹೆಚ್ಚು ಹೆದರುವುದು ಇದಕ್ಕೇ. ರಕ್ತದಲ್ಲಿರುವ ಹೆಚ್ಚಿನ ಔಷಧಿ ಮೆದುಳಿನ ನೀರಿಗೆ ಸರಿಯಾಗಿ ಇಳಿಯುವುದಿಲ್ಲ, ಬ್ಲಾಸ್ಟ್‌ಗಳು ಅಲ್ಲಿ ಅಡಗುತ್ತವೆ. ಮೆದುಳಿಗೆ ಬೇರೆಯಾಗಿ ಚಿಕಿತ್ಸೆ ಕೊಡದಿದ್ದ ಕಾಲದಲ್ಲಿ ರೆಮಿಷನ್‌ಗೆ ಬಂದ ಎಷ್ಟೋ ಮಕ್ಕಳಲ್ಲಿ ಕಾಯಿಲೆ ಅಲ್ಲಿಂದಲೇ ಮರಳುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ತಂಡ ಅದನ್ನೂ ಸೇರಿಸಿ ಚಿಕಿತ್ಸೆ ರೂಪಿಸಿದಮೇಲೆ ಗುಣವಾಗುವ ಮಕ್ಕಳು ಹೆಚ್ಚಾದರು. ಅಂದಹಾಗೆ, ವಿನ್‌ಕ್ರಿಸ್ಟಿನ್ ರಕ್ತನಾಳಕ್ಕೆ ಮಾತ್ರ, ಬೆನ್ನಿಗೆ ಹೋದರೆ ಪ್ರಾಣಕ್ಕೇ ಕುತ್ತು. ಒಳ್ಳೆಯ ವಾರ್ಡಿನಲ್ಲಿ ಎರಡನ್ನೂ ಒಂದೇ ಟ್ರೇನಲ್ಲಿ ಇಡುವುದಿಲ್ಲ.

ಈ ತಿಂಗಳುಗಳಲ್ಲಿ ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬಾರದು. ನ್ಯೂಟ್ರೋಫಿಲ್ ಇಲ್ಲದ ಮಗುವಿಗೆ ಕೀವು ಕಟ್ಟದಿರಬಹುದು, ಕೆಂಪಾಗದಿರಬಹುದು, ಸೋಂಕಿನ ಗುರುತು ಬಹಳ ಸಲ ಜ್ವರ ಒಂದೇ. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಿ, ಬಾಗಿಲಲ್ಲೇ 'ಕೀಮೋ ಮಗು' ಅನ್ನಿ. ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಬೀಳಬೇಕು.

ಮೇಂಟೆನೆನ್ಸ್: ಮನೆಯಲ್ಲೇ ನಡೆಯುವ ಕೀಮೋ

ಉಳಿದ ಒಂದೂವರೆ ಎರಡು ವರ್ಷ ಮಾತ್ರೆಗಳದ್ದು. ಮರ್ಕ್ಯಾಪ್ಟೊಪ್ಯೂರಿನ್ ದಿನಾ, ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ನಮ್ಮ ಹುಡುಗಿ 15 ಕೆಜಿ, 98 ಸೆಂಟಿಮೀಟರ್, ಮೈಯ ವಿಸ್ತೀರ್ಣ 0.64 ಚದರ ಮೀಟರ್. ಚದರ ಮೀಟರಿಗೆ 60 ಮಿಲಿಗ್ರಾಂ ಲೆಕ್ಕದಲ್ಲಿ ಮರ್ಕ್ಯಾಪ್ಟೊಪ್ಯೂರಿನ್ ದಿನಕ್ಕೆ 38 ಮಿಲಿಗ್ರಾಂ, ಅಂದರೆ 50ರ ಮಾತ್ರೆಯಲ್ಲಿ ಮುಕ್ಕಾಲು. ಮೆಥೋಟ್ರೆಕ್ಸೇಟ್ 20ರ ಲೆಕ್ಕದಲ್ಲಿ ಸುಮಾರು 12.5 ಮಿಲಿಗ್ರಾಂ, 2.5ರ ಮಾತ್ರೆ ಐದು. ಇದು ಉದಾಹರಣೆ ಅಷ್ಟೇ, ನಿಮ್ಮ ಮಗುವಿನದ್ದು ಡಾಕ್ಟರ್ ಬರೆದ ಚೀಟಿಯಲ್ಲಿರುತ್ತದೆ. ಆ ಐದು ಮಾತ್ರೆಯನ್ನು ಅಜ್ಜಿಯೋ ಚಿಕ್ಕಪ್ಪನೋ ತಿಳಿಯದೆ ದಿನಾ ಕೊಟ್ಟರೆ ಬಾಯಿ ತುಂಬಾ ಹುಣ್ಣಾಗಿ, ಮಜ್ಜೆ ಒಣಗಿ, ಜೀವಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ವಾರದ ಒಂದು ದಿನ ಗೊತ್ತುಮಾಡಿ, ಶುಕ್ರವಾರ ಅಂದರೆ ಶುಕ್ರವಾರವೇ. ಡಬ್ಬಿಯ ಮೇಲೂ ಬರೆದಿಡಿ.

ಮಾತ್ರೆಯ ಪ್ರಮಾಣ ರಕ್ತಪರೀಕ್ಷೆ ನೋಡಿ ಏರಿಳಿಯುತ್ತದೆ. ಹೆಚ್ಚಾಗಿ ನ್ಯೂಟ್ರೋಫಿಲ್ 500ರಿಂದ 1,500ರ ನಡುವೆ ಇರಬೇಕು. ಪೂರ್ತಿ ನಾರ್ಮಲ್ ಬಂದರೆ ಅಪ್ಪ ಅಮ್ಮ ಖುಷಿಪಡುತ್ತಾರೆ, ಡಾಕ್ಟರ್ ಹುಬ್ಬು ಗಂಟಿಕ್ಕುತ್ತಾರೆ. ಡೋಸ್ ಸಾಲುತ್ತಿಲ್ಲ, ಇಲ್ಲವೇ ಮಾತ್ರೆ ತಪ್ಪುತ್ತಿದೆ ಅಂತ ಅದರ ಅರ್ಥ. ಸಣ್ಣ ಡೋಸಿಗೇ ಕಣಗಳು ಪಾತಾಳಕ್ಕೆ ಇಳಿಯುವ ಮಕ್ಕಳೂ ಇದ್ದಾರೆ. ನಮ್ಮ ಕಡೆ ಅಪರೂಪವಲ್ಲದ ಒಂದು ಜೀನ್ ವ್ಯತ್ಯಾಸ, ಹೆಸರು ಎನ್‌ಯುಡಿಟಿ15, ಅದಕ್ಕೆ ಕಾರಣವಾಗಿರಬಹುದು. ಪರೀಕ್ಷೆ ಇದೆ, ಡೋಸ್ ಇಳಿಸಿದರೆ ಸಾಕು.

ಮಾತ್ರೆ ನಿಲ್ಲಿಸಿದಮೇಲೆ ಕೆಲವು ಮಕ್ಕಳ ಸ್ಯಾಂಪಲ್ ಮತ್ತೆ ನನ್ನ ಹತ್ತಿರ ಬರುತ್ತದೆ. ಇಷ್ಟು ದಿನ ಒತ್ತಿಹಿಡಿದಿದ್ದ ಮಜ್ಜೆ ಚಿಗುರುತ್ತದೆ, ಅಲ್ಲಿ ಎಳೆ ಬಿ ಕೋಶಗಳು ತುಂಬಿಕೊಳ್ಳುತ್ತವೆ. ಹೆಮಟೊಗೋನ್ ಅಂತ ಅವುಗಳ ಹೆಸರು. ನಯವಾದ ನ್ಯೂಕ್ಲಿಯಸ್, ಗೀಟಿನಷ್ಟು ಸೈಟೋಪ್ಲಾಸಂ, ನೋಡಲು ಥೇಟ್ ಬ್ಲಾಸ್ಟ್. ಮೊದಲ ಸಲ ನೋಡಿದಾಗ ನನ್ನ ಎದೆಯೂ ಧಸಕ್ ಅಂದಿತ್ತು. ಫ್ಲೋನಲ್ಲಿ ಹಾಕಿದರೆ ಇವು ಎಳೆಯದರಿಂದ ಬಲಿತದ್ದರವರೆಗೆ ಸಾಲಾಗಿ ನಿಂತಿರುತ್ತವೆ. ಬ್ಲಾಸ್ಟ್‌ಗಳ ಹಾಗೆ ಒಂದೇ ಮೆಟ್ಟಿಲಲ್ಲಿ ಗುಂಪುಗಟ್ಟಿರುವುದಿಲ್ಲ.