ಎಂಎಸಿಡಿಯಿಂದ ಪಿಪಿಒಗೆ: ನನ್ನ ಅನುಭವ

ಪ್ರತಿ ಶನಿವಾರ ಸುಮಾರು ನಲವತ್ತು ಷೇರುಗಳನ್ನು ಎಕ್ಸೆಲ್ ಹಾಳೆಯಲ್ಲಿ, ಬೆಲೆಯ ಓಟದ ಬಿರುಸನ್ನು ಅಳೆಯುವ ಎಂಎಸಿಡಿ ಎಂಬ ಸೂಚಕದ ಮೌಲ್ಯದ ಇಳಿಕೆ ಕ್ರಮದಲ್ಲಿ ಜೋಡಿಸಿ, ಮೇಲಿನ ಐದನ್ನು ಮುಂದಿನ ವಾರ ಗಮನಿಸುವುದು ನನ್ನ ರೂಢಿಯಾಗಿತ್ತು. ಕೆಲವು ತಿಂಗಳ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಮಾರುಕಟ್ಟೆ ಏರುವಾಗ ಎಂಆರ್‌ಎಫ್‌ನಂತಹ ದುಬಾರಿ ಷೇರುಗಳೇ ಪಟ್ಟಿಯ ತಲೆಯಲ್ಲಿರುತ್ತಿದ್ದವು, ಇಳಿಯುವಾಗ ಅವೇ ತಳ ಸೇರುತ್ತಿದ್ದವು.

ಕಾರಣ ಲೆಕ್ಕದಲ್ಲೇ ಇದೆ. ಎಂಎಸಿಡಿ ಎಂದರೆ 12 ದಿನಗಳ ಇಎಂಎಯಿಂದ, ಅಂದರೆ ಇತ್ತೀಚಿನ ಬೆಲೆಗಳಿಗೆ ಹೆಚ್ಚು ತೂಕ ಕೊಡುವ ಸರಾಸರಿಯಿಂದ, 26 ದಿನಗಳ ಇಎಂಎಯನ್ನು ಕಳೆದಾಗ ಉಳಿಯುವ ರೂಪಾಯಿ ಮೊತ್ತ. ಪಿಪಿಒ ಅದೇ ವ್ಯತ್ಯಾಸವನ್ನು 26 ದಿನಗಳ ಸರಾಸರಿಯಿಂದ ಭಾಗಿಸಿ ಶೇಕಡಾವಾರಿನಲ್ಲಿ ಹೇಳುತ್ತದೆ.

```
MACD = EMA12 - EMA26
PPO  = (EMA12 - EMA26) / EMA26 * 100
```

ಒಂದು ಷೇರಿನ 26 ದಿನಗಳ ಸರಾಸರಿ 1,20,000 ರೂಪಾಯಿ, 12 ದಿನಗಳದ್ದು 1,21,200 ಎಂದಿಟ್ಟುಕೊಳ್ಳೋಣ; ಎಂಎಸಿಡಿ 1,200, ಪಿಪಿಒ 1. ಇನ್ನೊಂದರಲ್ಲಿ ಅವು 150 ಮತ್ತು 154.50 ಆಗಿದ್ದರೆ ಎಂಎಸಿಡಿ ಬರೀ 4.50, ಪಿಪಿಒ ಮಾತ್ರ 3. ಮೊದಲ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಹೂತುಹೋಗುತ್ತಿದ್ದ ಈ ಎರಡನೆಯ ಷೇರೇ ಮೂರು ಪಟ್ಟು ಬಿರುಸಾಗಿ ಏರುತ್ತಿದೆ.

ಒಂದೇ ಷೇರನ್ನು ನೋಡುವವರಿಗೆ ಇದರಿಂದ ಹೆಚ್ಚಿನ ಲಾಭವಿಲ್ಲ. ಎರಡೂ ಸೂಚಕಗಳು ಸೊನ್ನೆ ರೇಖೆಯನ್ನು ದಾಟುವುದು ಅದೇ ದಿನ. ಸೂಚಕದ್ದೇ 9 ದಿನಗಳ ಇಎಂಎಯಾದ ಸಿಗ್ನಲ್ ರೇಖೆಯನ್ನು ದಾಟುವಾಗ ಮಾತ್ರ, ಭಾಜಕ ದಿನದಿನಕ್ಕೂ ಬದಲಾಗುವುದರಿಂದ, ಒಮ್ಮೊಮ್ಮೆ ಒಂದೆರಡು ದಿನ ಹಿಂದೆಮುಂದೆ ಆಗುತ್ತದೆ.

ನಾನು ಎಡವಿದ್ದು ದತ್ತಾಂಶದಲ್ಲಿ. ಒಂದು ಕಂಪನಿಯ ಷೇರಿನ ಮುಖಬೆಲೆ 10 ರೂಪಾಯಿಯಿಂದ 1 ರೂಪಾಯಿಗೆ ವಿಭಜನೆಯಾದಾಗ, ಹಳೆಯ ಬೆಲೆಗಳನ್ನು ಹೊಂದಿಸದೆ ಹಾಗೆಯೇ ಬಿಟ್ಟಿದ್ದೆ. ಬೆಲೆ ಸಮಸ್ಥಿತಿಯಲ್ಲಿದ್ದ ಆ ಷೇರಿನ ಪಿಪಿಒ ಮೊದಲ ದಿನವೇ -7.7ರ ಹತ್ತಿರಕ್ಕೂ, ಐದನೆಯ ದಿನ -31ರ ಆಸುಪಾಸಿಗೂ ಕುಸಿಯಿತು. ದೊಡ್ಡ ಕಂಪನಿಯೊಂದರಲ್ಲಿ ಇಂಥ ಅಂಕಿ ಕಂಡರೆ ಈಗ ನಾನು ಮೊದಲು ಅನುಮಾನಿಸುವುದು ಹಾಳೆಯನ್ನೇ. ಹಳೆಯ ಬೆಲೆಗಳನ್ನೆಲ್ಲ ಹತ್ತರಿಂದ ಭಾಗಿಸಿದ ಮೇಲೆ ಎಂಎಸಿಡಿಯ ಹಿಂದಿನ ಮೌಲ್ಯಗಳೂ ಹತ್ತನೇ ಒಂದಂಶವಾಗಿ, ಪುಸ್ತಕದಲ್ಲಿ ಬರೆದಿಟ್ಟಿದ್ದ ಟಿಪ್ಪಣಿಗಳಿಗೆ ತಾಳೆಯಾಗಲಿಲ್ಲ. ವಿಭಜನೆಗೆ ಮುಂಚಿನ ಪಿಪಿಒ ಮೌಲ್ಯಗಳು ಮಾತ್ರ ಇದ್ದಂತೆಯೇ ಇದ್ದವು.

ಪಿಪಿಒ ಬೆಲೆಯ ಗಾತ್ರವನ್ನು ಸರಿದೂಗಿಸುತ್ತದೆಯೇ ಹೊರತು ಷೇರಿನ ಚಂಚಲತೆಯನ್ನಲ್ಲ. ಸೋಪು, ಬಿಸ್ಕತ್ತು ಮಾರುವ ನಿಧಾನಗತಿಯ ಷೇರಿಗೆ 3 ಎಂಬುದು ಅಪರೂಪವಾಗಿರಬಹುದು, ಲೋಹದ ಸಣ್ಣ ಕಂಪನಿಗೆ ಅದು ಮಾಮೂಲು. ಹೀಗಾಗಿ ನನ್ನ ಹಾಳೆಯಲ್ಲಿ ಪಿಪಿಒ ಪಕ್ಕದಲ್ಲೇ ಆಯಾ ಷೇರು ಕಳೆದ ಒಂದು ವರ್ಷದಲ್ಲಿ ಮುಟ್ಟಿದ ಗರಿಷ್ಠ ಮತ್ತು ಕನಿಷ್ಠ ಪಿಪಿಒಗಳಿಗೆ ಎರಡು ಕಾಲಂಗಳಿವೆ. ಜೋಡಿಸುವುದು ಪಿಪಿಒದ ಮೇಲೆ. ಆಯ್ಕೆ ಮಾಡುವ ಮೊದಲು ಆ ಎರಡು ಕಾಲಂಗಳನ್ನೂ ನೋಡುತ್ತೇನೆ.