ಜೇಜುರಿಯಿಂದ ಬಂದ ಬಿಳಿ ಜುಬ್ಬ: ನೂಲು ಸೊರಗದಂತೆ ಅರಿಶಿನದ ಕಲೆ ತೆಗೆಯುವ ಕ್ರಮ

ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದ ಜೇಜುರಿಗೆ ಬಿಳಿ ಬಟ್ಟೆ ಉಟ್ಟು ಹೋದವರು ಬಿಳಿ ಬಟ್ಟೆಯಲ್ಲಿ ಮರಳುವುದಿಲ್ಲ. ಮರಾಠಿಗರು ಖಂಡೋಬಾ ಎಂದೂ ನಮ್ಮವರು ಮೈಲಾರಲಿಂಗ ಎಂದೂ ನಡೆದುಕೊಳ್ಳುವ ಆ ಗುಡ್ಡದ ದೇವರಿಗೆ ಭಕ್ತರು ಬೊಗಸೆಗಟ್ಟಲೆ ಭಂಡಾರವನ್ನು, ಅಂದರೆ ಅರಿಶಿನದ ಪುಡಿಯನ್ನು ಎರಚುತ್ತಾರೆ. ಸೋಮವತಿ ಅಮಾವಾಸ್ಯೆಯ ಜಾತ್ರೆಯಲ್ಲಂತೂ ಮೆಟ್ಟಿಲು, ದೀಪಮಾಲೆ, ಜನರ ತಲೆ ಎಲ್ಲವೂ ಹಳದಿಯೇ. ಕಳೆದ ಸಲ ನಮ್ಮ ಮನೆಯವರು ಅಲ್ಲಿಂದ ಬಂದಾಗ ಅವರ ಬಿಳಿ ಹತ್ತಿಯ ಜುಬ್ಬದ ಎರಡೂ ಭುಜದ ಮೇಲೆ ಪುಡಿ ದಟ್ಟವಾಗಿ ಕೂತಿತ್ತು, ಬೆವರಿನಿಂದ ಕೊರಳಪಟ್ಟಿಯಲ್ಲಿ ಅದು ಒದ್ದೆಯಾಗಿ ಹಿಡಿದುಕೊಂಡಿತ್ತು, ಬಲಗೈ ತೋಳಿನ ತುದಿಯಲ್ಲಿ ಊಟದ ಸಾರಿನ ಎಣ್ಣೆಯೊಂದಿಗೆ ಸೇರಿ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಕಲೆಯಾಗಿತ್ತು. ಅರಿಶಿನದ ಕಲೆ ಯಾವ ಯಾವ ಬಗೆಯಲ್ಲಿ ಬರಬಹುದೋ ಅವೆಲ್ಲ ಒಂದೇ ಜುಬ್ಬದಲ್ಲಿ ಇದ್ದುದರಿಂದ, ಅದನ್ನೇ ಮುಂದಿಟ್ಟುಕೊಂಡು ಕ್ರಮವನ್ನು ವಿವರಿಸುತ್ತೇನೆ.

ಅದಕ್ಕೂ ಮೊದಲು ಹಿಂದೊಮ್ಮೆ ಆದ ನಷ್ಟವನ್ನು ಹೇಳಬೇಕು. ಇಂಥದೇ ಕಲೆಯಾಗಿದ್ದ ಇನ್ನೊಂದು ಜುಬ್ಬವನ್ನು ಒಂದು ಲಾಂಡ್ರಿಗೆ ಕೊಟ್ಟಿದ್ದೆವು. ಅದು ಹಾಲಿನಂತೆ ಬಿಳಿಯಾಗಿ ಬಂದಿತು. ಆದರೆ ಮನೆಯಲ್ಲಿ ಮೂರನೆಯ ಸಲ ಒಗೆದು ಹಿಂಡುವಾಗ ಭುಜದ ಹತ್ತಿರ ಕಾಗದದಂತೆ ಸರ್ರನೆ ಹರಿಯಿತು. ಅಲ್ಲಿ ಬಳಸಿದ್ದು ಕ್ಲೋರಿನ್ ಬ್ಲೀಚ್. ಅದು ಅರಿಶಿನದ ಬಣ್ಣವನ್ನು ನಿಮಿಷಗಳಲ್ಲಿ ಅಳಿಸುತ್ತದೆ ಎನ್ನುವುದು ನಿಜ. ಆದರೆ ಹತ್ತಿಯ ನೂಲು ಸೆಲ್ಯುಲೋಸ್ ಎಂಬ ಉದ್ದುದ್ದ ಸರಪಳಿಗಳಿಂದ ಆದದ್ದು; ಗಟ್ಟಿಯಾದ ಬ್ಲೀಚನ್ನು ನೇರವಾಗಿ ಸುರಿದರೆ, ಬಿಸಿ ನೀರಿನಲ್ಲಿ ಬೆರೆಸಿದರೆ, ಇಲ್ಲವೇ ಬಹಳ ಹೊತ್ತು ನೆನೆಹಾಕಿ ಸರಿಯಾಗಿ ಜಾಲಾಡದೆ ಒಣಗಿಸಿದರೆ ಅದು ಆ ಸರಪಳಿಗಳನ್ನೂ ತುಂಡರಿಸುತ್ತದೆ. ಈ ಹಾನಿ ಕೂಡಲೇ ಕಣ್ಣಿಗೆ ಬೀಳದಿರುವುದೇ ದೊಡ್ಡ ತೊಂದರೆ. ಬಟ್ಟೆ ಬಿಳಿಯಾಗಿಯೇ ಕಾಣುತ್ತದೆ, ಒಳಗೆ ಸತ್ವ ಹೋಗಿರುತ್ತದೆ.

ಅರಿಶಿನಕ್ಕೆ ಬಣ್ಣ ಕೊಡುವ ವಸ್ತು ಕರ್ಕ್ಯುಮಿನ್. ಅದರ ನಾಲ್ಕು ಗುಣ ತಿಳಿದಿದ್ದರೆ ಯಾವ ಹಂತ ಏಕೆ ಎಂಬುದು ತಾನೇ ಸ್ಪಷ್ಟವಾಗುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು, ಎಣ್ಣೆಯಲ್ಲಿಯೂ ಸ್ಪಿರಿಟ್‌ನಲ್ಲಿಯೂ ಕರಗುತ್ತದೆ. ಬೇರೆ ಯಾವ ಕಟ್ಟುವಸ್ತುವಿನ ಸಹಾಯವೂ ಇಲ್ಲದೆ ಹತ್ತಿಗೆ ಹತ್ತುತ್ತದೆ. ಆದ್ದರಿಂದಲೇ ಹಿಂದಿನಿಂದಲೂ ಅದನ್ನು ಬಟ್ಟೆಗೆ ಬಣ್ಣ ಹಾಕಲು ಬಳಸಿದ್ದಾರೆ. ಕ್ಷಾರ ತಾಗಿದರೆ ಕೆಂಪಾಗುತ್ತದೆ. ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದೊಡನೆ ಅದು ರಕ್ತದಂತೆ ಕೆಂಪಾಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಕೊನೆಯದಾಗಿ, ಅದು ಬೆಳಕಿಗೆ ನಿಲ್ಲುವುದಿಲ್ಲ. ನಮ್ಮ ಕೆಲಸಕ್ಕೆ ಬರುವ ಮುಖ್ಯ ಗುಣ ಇದೇ.

ಮೊದಲು ಕೊಡವುವುದು

ಪುಡಿ ಒಣಗಿರುವಷ್ಟು ಹೊತ್ತು ಬಟ್ಟೆಗೆ ನೀರು ತಾಗಿಸಬಾರದು. ಜುಬ್ಬವನ್ನು ಸೊಸೈಟಿಯ ಟೆರೇಸಿಗೆ ಒಯ್ದು, ಭುಜದ ಎರಡು ಮೂಲೆ ಹಿಡಿದು ಜೋರಾಗಿ ಕೊಡವಿದೆವು. ಆಮೇಲೆ ಒಳಮಗ್ಗುಲು ಹೊರಗೆ ಮಾಡಿ ಹಗ್ಗಕ್ಕೆ ಹಾಕಿ ಹಿಂದಿನಿಂದ ಬಡಿದೆವು. ನೇಯ್ಗೆಯಲ್ಲಿ ಉಳಿದ ಪುಡಿಯನ್ನು ಮೆತ್ತನೆಯ ಬ್ರಷ್‌ನಿಂದ ಒಂದೇ ದಿಕ್ಕಿಗೆ ಸವರಿ ತೆಗೆಯಬೇಕು. ಕೈಯಿಂದ ಉಜ್ಜಿದರೆ ಅಂಗೈಯ ಬೆವರು, ಜಿಡ್ಡು ಸೇರಿ ಪುಡಿ ನೂಲಿನೊಳಗೆ ಇಳಿಯುತ್ತದೆ. ಇಷ್ಟರಲ್ಲಿಯೇ ಭುಜದ ಹಳದಿ ಬಹುಪಾಲು ಹೋಯಿತು. ತೆಳುವಾದ ಛಾಯೆ ಮಾತ್ರ ಉಳಿಯಿತು. ಇಂಥ ಬಟ್ಟೆಯನ್ನು ಉಳಿದ ಬಿಳಿ ಬಟ್ಟೆಗಳೊಂದಿಗೆ ಮಷೀನಿಗೆ ಹಾಕಿದರೆ ಅವುಗಳಿಗೂ ಹಳದಿ ಹತ್ತುತ್ತದೆ ಎಂಬುದನ್ನು ಮರೆಯಬಾರದು.

ಜಿಡ್ಡು ಬಿಡಿಸುವುದು

ತೋಳಿನ ಸಾರಿನ ಕಲೆಯಲ್ಲಿ ಬಣ್ಣ ಎಣ್ಣೆಯೊಳಗೆ ಕೂತಿರುವುದರಿಂದ ಎಣ್ಣೆ ಹೋಗದೆ ಬಣ್ಣ ಹೋಗದು. ಪಾತ್ರೆ ತೊಳೆಯುವ ಲಿಕ್ವಿಡ್ ಅರ್ಧ ಚಮಚದಷ್ಟನ್ನು, ನೀರು ಬೆರೆಸದೆ, ಕಲೆಯ ಮೇಲೆ ಹಾಕಿ ಬೆರಳ ತುದಿಯಿಂದ ಮೆಲ್ಲಗೆ ಒತ್ತಿ 15 ನಿಮಿಷ ಬಿಡಬೇಕು. ಬಳಿಕ ಕಲೆಯ ಹಿಂಬದಿಯಿಂದ ತಣ್ಣೀರು ಬೀಳುವಂತೆ ನಲ್ಲಿಯ ಕೆಳಗೆ ಹಿಡಿಯಬೇಕು. ಮುಂದಿನಿಂದ ಹಿಡಿದರೆ ಕಲೆ ಬಟ್ಟೆಯನ್ನು ದಾಟಿ ಹೋಗಬೇಕಾಗುತ್ತದೆ, ಹಿಂದಿನಿಂದ ಹಿಡಿದರೆ ಬಂದ ದಾರಿಯಲ್ಲೇ ಹೊರಬೀಳುತ್ತದೆ. ಇದನ್ನು ಎರಡು ಸಲ ಮಾಡಿದ ಮೇಲೂ ನಡುವೆ ಗಾಢವಾದ ಚುಕ್ಕೆ ಉಳಿದಿತ್ತು. ಅದರ ಕೆಳಗೆ ಹಳೆಯ ಬಿಳಿ ಬಟ್ಟೆಯ ತುಂಡನ್ನು ಮಡಿಸಿಟ್ಟು, ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಮೇಲಿನಿಂದ ಒತ್ತುತ್ತಾ ಹೋದಾಗ ಹಳದಿ ಕೆಳಗಿನ ತುಂಡಿಗೆ ಇಳಿಯಿತು. ತುಂಡನ್ನು ಆಗಾಗ ಸರಿಸಿ ಶುಭ್ರವಾದ ಭಾಗವನ್ನು ಕೆಳಗಿಡಬೇಕು, ಇಲ್ಲದಿದ್ದರೆ ಬಿಟ್ಟ ಬಣ್ಣವೇ ಮತ್ತೆ ಹತ್ತುತ್ತದೆ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಈ ಕೆಲಸ ಅಡುಗೆಮನೆಯಲ್ಲಿ ಬೇಡ.

ಸಾಬೂನು ಮತ್ತು ಕೆಂಪು

ಈಗ ಜುಬ್ಬವನ್ನು ತಣ್ಣೀರಿನಲ್ಲಿ ನೆನೆಸಿ ಕಲೆಯಿದ್ದ ಕಡೆಯೆಲ್ಲ ಬಟ್ಟೆ ಸಾಬೂನು ಹಚ್ಚಿದಾಗ ಕೊರಳಪಟ್ಟಿ ಒಮ್ಮೆಲೇ ಕೆಂಪುಗಂದು ಬಣ್ಣಕ್ಕೆ ತಿರುಗಿತು. ಹೆಚ್ಚಿನವರು ಗಾಬರಿಯಾಗಿ ತಪ್ಪು ಹೆಜ್ಜೆ ಇಡುವುದು ಇಲ್ಲಿಯೇ. ಕಲೆ ಹೆಚ್ಚಾಯಿತೆಂದು ನಿಂಬೆರಸವನ್ನೋ ವಿನೆಗರನ್ನೋ ಹಿಂಡುತ್ತಾರೆ, ಕೆಂಪು ಮಾಯವಾಗುತ್ತದೆ, ಕಲೆ ಹೋಯಿತೆಂದುಕೊಳ್ಳುತ್ತಾರೆ. ನಿಜದಲ್ಲಿ ಹುಳಿಯಿಂದ ಅದು ಮತ್ತೆ ಹಳದಿಯಾಗಿರುತ್ತದೆ ಅಷ್ಟೇ, ಬಣ್ಣ ಎಲ್ಲಿಗೂ ಹೋಗಿರುವುದಿಲ್ಲ. ಅದಲ್ಲದೆ ಹುಳಿ ಹತ್ತಿಗೆ ಒಳ್ಳೆಯದಲ್ಲ; ಜಾಲಾಡದೆ ಬಟ್ಟೆಯಲ್ಲೇ ಒಣಗಿದರೆ, ಅದರ ಮೇಲೆ ಇಸ್ತ್ರಿಯ ಬಿಸಿಯೂ ತಾಗಿದರೆ, ನೂಲು ಸೊರಗುತ್ತದೆ. ಕ್ಷಾರವನ್ನಾದರೆ ಹತ್ತಿ ಚೆನ್ನಾಗಿ ತಡೆದುಕೊಳ್ಳುತ್ತದೆ, ಕರ್ಕ್ಯುಮಿನ್ ತಡೆದುಕೊಳ್ಳುವುದಿಲ್ಲ; ಸಾಬೂನಿನ ನೊರೆಯಲ್ಲಿ ಕೆಂಪಾಗಿರುವಾಗಲೇ ಅದು ಒಡೆಯತೊಡಗಿರುತ್ತದೆ. ಆದ್ದರಿಂದ ಅರ್ಧ ಗಂಟೆ ಹಾಗೆಯೇ ಬಿಟ್ಟು, ಅಂಗೈಯಲ್ಲಿ ಮೆಲ್ಲಗೆ ಹಿಸುಕಿ, ನೊರೆ ಪೂರ್ತಿ ಹೋಗುವವರೆಗೆ ಜಾಲಾಡಿದೆವು.

ಸಾಬೂನು ಹಚ್ಚಿದರೂ ಹಳದಿ ಕೆಂಪಾಗದೆ ಹಾಗೆಯೇ ಉಳಿದರೆ, ಅದು ಅರಿಶಿನವಲ್ಲದ ಬೇರೆ ಹಳದಿ ಬಣ್ಣವೆಂದು ತಿಳಿಯಬೇಕು. ಅಂಥ ಬಣ್ಣಕ್ಕೆ ಮುಂದಿನ ಬಿಸಿಲಿನ ಹಂತದಿಂದ ಇಷ್ಟೇ ಫಲ ಸಿಗುತ್ತದೆಂದು ಹೇಳಲಾಗದು.

ಬಿಸಿಲು

ಹಿಂಡಿದ ಜುಬ್ಬವನ್ನು ಪೂರ್ತಿ ಒಣಗಲು ಬಿಡದೆ, ಒದ್ದೆಯಾಗಿರುವಾಗಲೇ, ಕಲೆಯ ಭಾಗ ಸೂರ್ಯನಿಗೆ ಎದುರಾಗುವಂತೆ ಬೆಳಿಗ್ಗೆ 10 ಗಂಟೆಗೆ ಹರವಿದೆವು. ಮಡಿಕೆ ಬಿದ್ದ ಜಾಗಕ್ಕೆ ಬೆಳಕು ತಲುಪದು. ಕೊರಳಪಟ್ಟಿಯನ್ನು ಬಿಡಿಸಿ ಕ್ಲಿಪ್ ಹಾಕಿದ್ದು ಅದಕ್ಕಾಗಿಯೇ. ಅರ್ಧ ಗಂಟೆಗೊಮ್ಮೆ ನೀರು ಚಿಮುಕಿಸುತ್ತಿದ್ದೆ. ಭುಜದ ಛಾಯೆ ಒಂದು ಗಂಟೆಯೊಳಗೆ ಹೋಯಿತು. ಕೊರಳಪಟ್ಟಿ ಮಧ್ಯಾಹ್ನ ಒಂದರ ಹೊತ್ತಿಗೆ ಬೆಣ್ಣೆಯ ಬಣ್ಣಕ್ಕೆ ಬಂದಿತು. ಮರುದಿನ ಇನ್ನೊಮ್ಮೆ ಸಾಬೂನು ಹಚ್ಚಿ, ಜಾಲಾಡಿ, ಎರಡು ಗಂಟೆ ಬಿಸಿಲಿಗಿಟ್ಟ ಮೇಲೆ ಬಿಳುಪಾಯಿತು. ವಾರಗಟ್ಟಲೆ ಬಿಸಿಲಿನಲ್ಲಿ ಬಿಟ್ಟರೆ ಹತ್ತಿಯೂ ಸೊರಗುತ್ತದೆ, ಆದರೆ ಹೀಗೆ ಎರಡು ಮೂರು ದಿನ ಕೆಲವು ಗಂಟೆ ಇಡುವುದರಿಂದ ಭಯವಿಲ್ಲ.

ಮುಂಬೈಯಲ್ಲಿಯೂ ಗೋವೆಯಲ್ಲಿಯೂ ಇರುವ ಬಂಧುಗಳು ಮಳೆಗಾಲದ ನಾಲ್ಕು ತಿಂಗಳು ಬಿಸಿಲನ್ನು ಎಲ್ಲಿಂದ ತರುವುದೆಂದು ಕೇಳುತ್ತಾರೆ. ಕರ್ಕ್ಯುಮಿನ್ ಹೀರಿಕೊಳ್ಳುವುದು ಮುಖ್ಯವಾಗಿ ಬೆಳಕಿನ ನೇರಳೆ ಮತ್ತು ನೀಲಿ ಭಾಗವನ್ನು; ಅದು ಮೋಡದ ಹಗಲಿನಲ್ಲಿಯೂ ಇರುತ್ತದೆ, ಕಿಟಕಿಯ ಗಾಜಿನ ಮೂಲಕವೂ ಒಳಗೆ ಬರುತ್ತದೆ. ಹಾಗಾಗಿ ಗ್ಯಾಲರಿಯಲ್ಲಿ ಅಥವಾ ಕಿಟಕಿಯ ಪಕ್ಕದಲ್ಲಿ ನೇತುಹಾಕಿದರೂ ಕಲೆ ತಿಳಿಯಾಗುತ್ತದೆ, ಗಂಟೆಗಳ ಬದಲು ದಿನಗಳು ಹಿಡಿಯುತ್ತವೆ. ಮಳೆಗಾಲದಲ್ಲಿ ಒದ್ದೆ ಬಟ್ಟೆ ಬೂಷ್ಟು ಹಿಡಿಯುವ ಭಯವಿರುವುದರಿಂದ ಪದೇ ಪದೇ ನೀರು ಚಿಮುಕಿಸದೆ, ಫ್ಯಾನಿನ ಗಾಳಿ ಆಡುವಲ್ಲಿ ಇಡುವುದು ಲೇಸು.

ಇನ್ನೂ ಉಳಿದರೆ

ತೋಳಿನ ಚುಕ್ಕೆ ಮಾತ್ರ ಎರಡನೆಯ ದಿನದ ಬಿಸಿಲಿಗೂ ಪೂರ್ತಿ ಹೋಗಲಿಲ್ಲ. ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬಳಸಿದೆವು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಬಾಟಲಿಯ ಮೇಲೆ ಶೇಕಡಾ 6 ಎಂದಿದ್ದರೆ ಅಷ್ಟೇ ನೀರು ಬೆರೆಸಿ ಶೇಕಡಾ 3ಕ್ಕೆ ಇಳಿಸಬೇಕು. 3 ಎಂದಿದ್ದರೆ ನೀರು ಬೇಡ. ಕಲೆಯ ಮೇಲೆ ನಾಲ್ಕೈದು ಹನಿ ಹಾಕಿ 20 ನಿಮಿಷ ಬಿಟ್ಟು ಚೆನ್ನಾಗಿ ಜಾಲಾಡಿದರಾಯಿತು. ಕಲೆ ಅಗಲವಾಗಿದ್ದರೆ ಆಕ್ಸಿಜನ್ ಬ್ಲೀಚ್ ಎಂದು ಮಾರುವ ಪುಡಿಯನ್ನು ಪೊಟ್ಟಣದಲ್ಲಿ ಹೇಳಿದ ಅಳತೆಯಲ್ಲಿ ಕೈಗೆ ಹಿತವಾಗುವಷ್ಟು ಬಿಸಿಯಾದ ನೀರಿಗೆ ಹಾಕಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೆನೆಸಬಹುದು. ಎರಡಕ್ಕೂ ಒಂದು ಎಚ್ಚರಿಕೆ ಇದೆ: ಕಬ್ಬಿಣದ ಹುಕ್ಕು, ತುಕ್ಕಿನ ಕಲೆ ಅಥವಾ ಕಬ್ಬಿಣದ ಬಕೆಟ್ ತಾಗಿದರೆ ಪೆರಾಕ್ಸೈಡ್ ಆ ಜಾಗದಲ್ಲಿ ರಭಸದಿಂದ ಒಡೆದು ನೂಲನ್ನೇ ತಿನ್ನುತ್ತದೆ, ಕೆಲವೊಮ್ಮೆ ತೂತು ಬೀಳುತ್ತದೆ. ತಾಳ್ಮೆಗೆಟ್ಟು ಕ್ಲೋರಿನ್ ಬ್ಲೀಚನ್ನು ವಿನೆಗರಿನೊಂದಿಗೆ ಅಥವಾ ನಿಂಬೆಯೊಂದಿಗೆ ಸೇರಿಸುವುದಂತೂ ಪ್ರಾಣಕ್ಕೇ ಅಪಾಯ, ಏಕೆಂದರೆ ಅದರಿಂದ ವಿಷಕಾರಿ ಕ್ಲೋರಿನ್ ಅನಿಲ ಹೊರಬೀಳುತ್ತದೆ.

ಇಷ್ಟೆಲ್ಲ ಬಿಳಿ ಹತ್ತಿಗೆ ಮಾತ್ರ. ರೇಷ್ಮೆ, ಉಣ್ಣೆಗಳನ್ನು ಕ್ಷಾರ ಹಾಳುಮಾಡುತ್ತದೆ. ಬಣ್ಣದ ಅಂಚಿದ್ದರೆ ಅಂಚಿನ ಬಣ್ಣವೂ ಮಾಸಬಹುದು.

ಇಸ್ತ್ರಿಗೆ ಕೊಡುವ ಮುನ್ನ

ಒದ್ದೆ ಬಟ್ಟೆಯಲ್ಲಿ ತೆಳು ಹಳದಿ ಕಣ್ಣಿಗೆ ಕಾಣದು, ಟ್ಯೂಬ್‌ಲೈಟಿನ ಕೆಳಗೂ ಕಾಣದು. ಕಲೆಯಿದ್ದ ಜಾಗಕ್ಕೆ ಸಾಬೂನಿನ ನೀರನ್ನು ಬೆರಳಿನಿಂದ ಸವರಿ ಹಗಲ ಬೆಳಕಿನಲ್ಲಿ ನೋಡಬೇಕು. ನಸುಗೆಂಪು ಮೂಡಿದರೆ ಬಣ್ಣ ಇನ್ನೂ ಒಳಗಿದೆ. ಎಣ್ಣೆಯ ಅಂಶ ಉಳಿದಿರುವಾಗ ಇಸ್ತ್ರಿಯ ಬಿಸಿ ತಾಗಿದರೆ ಕಲೆ ಗಟ್ಟಿಯಾಗಿ ಕೂರುತ್ತದೆ. ನಮ್ಮ ತೋಳಿನ ಚುಕ್ಕೆ ಮೊದಲ ಸಲದ ಪೆರಾಕ್ಸೈಡಿನ ನಂತರವೂ ಗುಲಾಬಿ ಎಸಳಿನಷ್ಟು ಕೆಂಪು ತೋರಿಸಿತು. ಇನ್ನೊಮ್ಮೆ 20 ನಿಮಿಷ, ಮತ್ತೆ ಒಂದು ಬೆಳಗಿನ ಬಿಸಿಲು. ಮೂರನೆಯ ದಿನ ಸಾಬೂನು ಸವರಿದಾಗ ಬಿಳಿ ನೊರೆ ಬಿಟ್ಟು ಬೇರೇನೂ ಕಾಣಲಿಲ್ಲ. ಆಮೇಲೆ ಭುಜದ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಅಡ್ಡಕ್ಕೂ ಉದ್ದಕ್ಕೂ ಜಗ್ಗಿ ನೋಡಿದೆ. ನೂಲು ಮೊದಲಿನಂತೆಯೇ ಬಿಗಿಯಾಗಿತ್ತು. ನೀಲಿ ಹಾಕಿ ನೆರಳಿನಲ್ಲಿ ಒಣಗಿಸಿ ಇಸ್ತ್ರಿಗೆ ಕೊಟ್ಟೆವು.